ಖಿನ್ನತೆಯಲ್ಲಿರುವ ಗೆಳತಿಗೆ ಜೊತೆಯಾಗೋಣ, ಒಬ್ಬಳೇ ಆಸರೆಯಾಗುವುದು ಬೇಡ



ಸಭೆ ತಪ್ಪಿಸದ ಸದಸ್ಯೆಯೊಬ್ಬಳು ಮೂರು ವಾರ ಬಾರದಿದ್ದರೆ ನಾವು ಮೊದಲು ನೋಡುವುದು ಉಳಿತಾಯದ ಪುಸ್ತಕವನ್ನು. ಹೊಸಪೇಟೆಯ ಒಂದು ಸಂಘದಲ್ಲಿ ಹಾಗೆಯೇ ಆಯಿತು. ಹೊಲಿಗೆ ಮಾಡುತ್ತಿದ್ದ ತಂಗಿಯೊಬ್ಬಳು ಮಿಷನ್ ಮುಚ್ಚಿಟ್ಟು ಮಲಗಿಬಿಟ್ಟಿದ್ದಳು. ಅವಳ ಜೊತೆ ನಿಂತವಳು ಅದೇ ಓಣಿಯಲ್ಲಿ ಹೂವು ಮಾರುವ ಅಕ್ಕ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಇಬ್ಬರ ಸಂಗತಿಯನ್ನು ಇಲ್ಲಿ ಹೇಳುತ್ತಿದ್ದೇವೆ.

ತಂಗಿಗೆ ಬೇಸರ ಬಂದು ಒಂದು ತಿಂಗಳಾಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು, ಊಟ ರುಚಿಸುತ್ತಿರಲಿಲ್ಲ, ಮಕ್ಕಳ ಮಾತು ಕೇಳಿದರೂ ತಲೆಗೆ ಹೋಗುತ್ತಿರಲಿಲ್ಲ. "ನನ್ನಿಂದ ಎಲ್ಲರಿಗೂ ತ್ರಾಸು" ಅನ್ನುತ್ತಿದ್ದಳು. ದುಃಖ ಎಲ್ಲರಿಗೂ ಬರುತ್ತದೆ, ನಾಲ್ಕು ದಿನದಲ್ಲಿ ಸ್ವಲ್ಪ ಇಳಿಯುತ್ತದೆ, ನಡುವೆ ನಗುವೂ ಬರುತ್ತದೆ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಹೀಗೇ ಇದ್ದು, ಮಾಡುವ ಕೆಲಸವೂ ನಿಂತುಹೋದರೆ ಅದು ಖಿನ್ನತೆ ಇರಬಹುದು ಎಂದು ತಿಳಿಯಬೇಕು. ಅದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. "ಧೈರ್ಯ ತಗೋ" ಅಂದರೆ ಹೋಗುವುದೂ ಇಲ್ಲ.

ಹೂವಿನ ಅಕ್ಕ ದಿನಾ ಹೋಗಿ ಕೂತಳು, ಅನ್ನ ಕಲಸಿ ಕೊಟ್ಟಳು. ತಂಗಿ ಒಂದು ಮಾತು ಕೇಳಿದಳು: "ಅಕ್ಕಾ, ಇದನ್ನ ಯಾರಿಗೂ ಹೇಳಬ್ಯಾಡ, ಆಣೆ ಮಾಡು." ಅಕ್ಕ ಆಣೆ ಮಾಡಿದಳು. ಸುದ್ದಿ ನಮ್ಮ ಕಿವಿಗೆ ಬಿದ್ದಾಗ ನಾವೂ ತಪ್ಪು ಮಾಡಿದೆವು. "ನಿನ್ನ ಮಾತು ಅವಳು ಕೇಳ್ತಾಳೆ, ನೀನೇ ನೋಡಿಕೋ ಅವ್ವಾ" ಎಂದು ಹೇಳಿ ಬಂದೆವು.

ಒಂದೂವರೆ ತಿಂಗಳಲ್ಲಿ ಅಕ್ಕನ ಗತಿ ಏನಾಯಿತು ನೋಡಿ. ರಾತ್ರಿ ಹತ್ತು ಹನ್ನೆರಡು ಸಲ ಫೋನ್ ಬರುತ್ತಿತ್ತು. ನಸುಕಿನ ನಾಲ್ಕಕ್ಕೆ ಏಳಬೇಕಾದವಳು ಏಳಲಾರದೆ ಹೂವು ತರುವುದು ತಡವಾಗಿ, ವ್ಯಾಪಾರ ಬಿತ್ತು. ತನ್ನ ಸಾಲದ ಹಣದಲ್ಲೇ ತಂಗಿಯ ಮನೆಗೆ ರೇಷನ್ ತಂದಳು, ಕಂತು ನಿಂತಿತು. ಫೋನ್ ಬಡಿದರೆ ಎದೆ ಢವಢವ ಅನ್ನುತ್ತಿತ್ತು. ಒಂದು ದಿನ ಸಿಟ್ಟು ಬಂದು ಎತ್ತಲಿಲ್ಲ, ಆಮೇಲೆ "ಅವಳಿಗೇನಾದರೂ ಆದರೆ ನಾನೇ ಕಾರಣ" ಎಂದು ಅತ್ತಳು. ಜೊತೆ ನಿಂತವಳು ದಣಿದಿದ್ದಾಳೆ ಅನ್ನುವುದಕ್ಕೆ ಇವೇ ಗುರುತುಗಳು: ನಿದ್ದೆ ಕೆಡುವುದು, ಫೋನಿಗೆ ಹೆದರಿಕೆ, ಸಿಟ್ಟು, ಅದರ ಹಿಂದೆಯೇ ತಪ್ಪಿತಸ್ಥ ಭಾವನೆ, ತನ್ನ ಮನೆ ಕೆಲಸ ಬಿದ್ದುಹೋಗುವುದು. ಇನ್ನೊಂದು ವಿಷಯ. ಅಕ್ಕ ಇಷ್ಟೆಲ್ಲ ಮಾಡಿದರೂ ತಂಗಿಗೆ ಗುಣವಾಗಿರಲಿಲ್ಲ, ಏಕೆಂದರೆ ಆ ಒಂದೂವರೆ ತಿಂಗಳಲ್ಲಿ ಅವಳು ಡಾಕ್ಟರ ಹತ್ತಿರ ಹೋಗಿಯೇ ಇರಲಿಲ್ಲ.

ಆಗ ನಾವು ಅಕ್ಕನ ಜೊತೆ ಕೂತು ಮೊದಲು ಆಣೆಯ ಗಂಟು ಬಿಚ್ಚಿದೆವು. ಅವಳು ತಂಗಿಗೆ ಹೀಗೆ ಹೇಳಿದಳು: "ನಿನ್ನ ಮನೆ ಮಾತು ನಾನು ಹೊರಗೆ ಬಿಡೋದಿಲ್ಲ. ಆದರೆ ನಿನ್ನ ಜೀವದ ಮಾತು ಬಂದರೆ ಸುಮ್ಮನಿರೋದಿಲ್ಲ. ಯಾರಿಗೆ ಹೇಳೋಣ, ನೀನೇ ಹೇಳು." ತಂಗಿ ಸಿಟ್ಟಾದಳು, ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಂಪ್ಲಿಯಲ್ಲಿರುವ ತನ್ನ ಒಡಹುಟ್ಟಿದ ಅಕ್ಕನ ಹೆಸರು ಹೇಳಿದಳು. ಯಾರ ಹೆಸರನ್ನು ರೋಗಿಯೇ ಹೇಳುತ್ತಾಳೋ ಅವರಿಂದ ಶುರು ಮಾಡುವುದು ಒಳ್ಳೆಯದು. ಅವಳ ಒಪ್ಪಿಗೆ ಇಲ್ಲದೆ ಸಂಘದ ಸಭೆಯಲ್ಲಿ ಈ ವಿಷಯ ಎತ್ತಬಾರದು.

ಆಮೇಲೆ ಕೆಲಸ ಹಂಚಿದೆವು. ಕಂಪ್ಲಿಯ ಅಕ್ಕ ಪ್ರತಿ ಶನಿವಾರ ಬಂದು ಭಾನುವಾರ ಸಂಜೆವರೆಗೆ ಇರುವುದು. ಸಂಘದ ಇನ್ನೊಬ್ಬಳು ಸಂಜೆ ಮಕ್ಕಳನ್ನು ತನ್ನ ಮನೆಗೆ ಕರೆದುಕೊಳ್ಳುವುದು. ಗಂಡ ಮಾತ್ರೆ ಕೊಡುವುದು. ಅವನು ಮೊದಲು "ಇದಕ್ಕೇನು ಮಾತ್ರೆ" ಅಂದ, ಆಶಾ ಕಾರ್ಯಕರ್ತೆ ಎರಡು ಸಲ ಹೇಳಿದ ಮೇಲೆ ಒಪ್ಪಿದ. ಹೂವಿನ ಅಕ್ಕನ ಪಾಲಿಗೆ ಉಳಿದದ್ದು ರಾತ್ರಿ ಎಂಟಕ್ಕೆ ಇಪ್ಪತ್ತು ನಿಮಿಷದ ಫೋನ್ ಮತ್ತು ವಾರಕ್ಕೆ ಎರಡು ಭೇಟಿ. ಹಣ ಕೊಡುವುದು ನಿಲ್ಲಿಸಿದಳು. "ಒಂಬತ್ತರ ಮೇಲೆ ನಾನು ಮಲಗಿರ್ತೀನಿ. ಮನಸ್ಸು ತಡೀಲಿಲ್ಲ ಅಂದ್ರೆ 14416ಕ್ಕೆ ಮಾಡು. ಜೀವ ಬ್ಯಾಡ ಅನ್ನಿಸಿದ್ರೆ ಹೊತ್ತು ನೋಡಬ್ಯಾಡ, ಮನೆಯವರನ್ನ ಎಬ್ಬಿಸು, ನನಗೂ ಮಾಡು" ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಹೇಳದೆಯೇ ಫೋನ್ ಎತ್ತುವುದು ಬಿಟ್ಟಿದ್ದರೆ ಅದು ಕೈಬಿಟ್ಟ ಹಾಗೆ ಆಗುತ್ತಿತ್ತು. ಮೊದಲೇ ಹೊತ್ತು ಹೇಳಿ, ಆ ಹೊತ್ತಿಗೆ ತಪ್ಪದೆ ಮಾಡಿದ್ದರಿಂದ ತಂಗಿ ಎಂಟು ಗಂಟೆಗೆ ಕಾಯತೊಡಗಿದಳು.

14416 ಎಂಬುದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಇದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ರೋಗಿ ಮಾತ್ರವಲ್ಲ, ಜೊತೆ ನಿಂತು ದಣಿದವಳೂ ಮಾಡಬಹುದು. ನಮ್ಮ ಅಕ್ಕ ಮಾಡಿದಳು.

ಚಿಕಿತ್ಸೆಗಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಇದನ್ನು ನಮ್ಮ ಭಾಗದವರಿಗಿಂತ ಚೆನ್ನಾಗಿ ಹೇಳುವವರು ಯಾರು? 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಮದ್ದು ಸಿಗುವಂತೆ ಮಾಡಿದರು. ಹೊಸಪೇಟೆ, ಸಂಡೂರು, ಕಂಪ್ಲಿ ಆಗ ಒಂದೇ ಜಿಲ್ಲೆಯಲ್ಲಿದ್ದವು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಈಗ ಹಂಪಿ, ಹೊಸಪೇಟೆಯವರು ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ, ಸಂಡೂರು, ಕಂಪ್ಲಿಯವರು ತಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಕೇಳಬಹುದು. ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿ ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಇಂಥದೇ ಸುಸ್ತು ಬರುವುದುಂಟು. ಆದ್ದರಿಂದ ಡಾಕ್ಟರು ರಕ್ತ ಪರೀಕ್ಷೆಗೆ ಬರೆದರೆ ಮಾಡಿಸಿ. ದೇವರಿಗೆ ಹರಕೆ ಹೊತ್ತವರು ಹರಕೆಯನ್ನೂ ತೀರಿಸಲಿ, ಮಾತ್ರೆಯನ್ನೂ ನುಂಗಲಿ.

ಮಾತ್ರೆಯ ವಿಷಯದಲ್ಲಿ ನಾವು ಎಡವುವುದು ಎರಡು ಕಡೆ. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತಾಗಿ, "ಇದು ನನಗೆ ಆಗಿಬರೋದಿಲ್ಲ" ಎಂದು ಬಿಸಾಡುವವರು ಬಹಳ. ಎರಡನೆಯದು, ಹಗುರಾದ ಕೂಡಲೇ ಬಿಡುವುದು. ಸರಿಹೋದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಬಿಡುವಾಗ ಡಾಕ್ಟರು ಹೇಳಿದಂತೆ ನಿಧಾನವಾಗಿ ಬಿಡಬೇಕು.

ಒಂದು ಪ್ರಶ್ನೆ ಕೇಳಲು ನಮಗೆಲ್ಲ ನಾಲಿಗೆ ಏಳುವುದಿಲ್ಲ: "ಸಾಯಬೇಕು ಅನ್ನಿಸ್ತದಾ?" ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಎಂಬ ಭಯ ಬೇಡ. ಕೇಳಿದರೆ ಎದೆಯ ಭಾರ ಹೊರಗೆ ಬರುತ್ತದೆ. "ಹೌದು" ಅಂದರೆ ಬಯ್ಯಬೇಡಿ, ಮಕ್ಕಳ ಆಣೆ ಹಾಕಬೇಡಿ. ಒಬ್ಬಳನ್ನೇ ಬಿಡದೆ ಮನೆಯವರಿಗೆ ತಿಳಿಸಿ, ಹೊಲದ ಔಷಧಿ ಮತ್ತು ಮಾತ್ರೆಗಳನ್ನು ಬೇರೆ ಮನೆಯಲ್ಲಿ ಬೀಗ ಹಾಕಿ ಇಡಿಸಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅಪಾಯ ಕಣ್ಣೆದುರೇ ಇದ್ದರೆ 108 ಅಥವಾ 112ಕ್ಕೆ ಫೋನ್ ಮಾಡಿ. ಅಂಥ ರಾತ್ರಿಗೆ ಹೊತ್ತಿನ ಲೆಕ್ಕವಿಲ್ಲ, ಆದರೆ ಆಗಲೂ ಒಬ್ಬರೇ ಹೋಗಬೇಡಿ.

ತಂಗಿಗೆ ಐದನೆಯ ವಾರಕ್ಕೆ ನಿದ್ದೆ ಬರತೊಡಗಿತು. ಮೂರನೆಯ ತಿಂಗಳಲ್ಲಿ ಮತ್ತೆ ನಾಲ್ಕು ದಿನ ಮಲಗಿದಳು. ಆಗ ಕಂಪ್ಲಿಯ ಅಕ್ಕ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೂವಿನ ಅಕ್ಕನಿಗೆ ಅದು ತಿಳಿದದ್ದು ರಾತ್ರಿ ಎಂಟರ ಫೋನಿನಲ್ಲಿ. ಅಂದು ಅವಳು ನಸುಕಿಗೇ ಎದ್ದು ಹೂವು ತಂದು ಮಾರಿ ಬಂದಿದ್ದಳು.