ಮಿನಿಮಮ್ ಕಟ್ಟಿದರೆ ಸಾಲ ತೀರದು

ಇಂಡಿ

ಮಗಳೇ,

ನಿನ್ನ ಹೆಸರಿನ ಎಫ್‌ಡಿ ಮೇಲೆ ಬ್ಯಾಂಕಿನವರು ಕ್ರೆಡಿಟ್ ಕಾರ್ಡು ಕೊಟ್ಟರೆಂದು ಫೋನಿನಲ್ಲಿ ಹೇಳಿದೆ. "ಪೂರಾ ಕಟ್ಟಾಕ ಆಗಲಿಲ್ಲಂದ್ರ ಮಿನಿಮಮ್ ಕಟ್ಟಿದ್ರ ಸಾಕಂತಪ್ಪಾ" ಅಂದೆಯಲ್ಲ, ಆ ಮಾತಿಗಾಗಿಯೇ ಈ ಪತ್ರ.

ನಮ್ಮ ಸೊಸೈಟಿಯ ಬೆಳೆಸಾಲ ನಿನಗೆ ಗೊತ್ತು. ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಶೂನ್ಯ. ವಾಯಿದೆ ಮೀರಿದರೆ ಆ ರಿಯಾಯಿತಿ ಹೋಯಿತು. ಕಾರ್ಡಿನ ಕಥೆಯೂ ಹೀಗೆಯೇ, ಆದರೆ ಬಡ್ಡಿ ಬಹಳ ಜಾಸ್ತಿ. ಎಷ್ಟೋ ಕಾರ್ಡುಗಳಲ್ಲಿ ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ, ಅಂದರೆ ವರ್ಷಕ್ಕೆ 42. ಆ ಬಡ್ಡಿಯ ಮೇಲೆ ಮತ್ತೆ ಶೇ. 18 ಜಿಎಸ್‌ಟಿ.

ಒಂದು ಲೆಕ್ಕ ಹಾಕೋಣ. ಜೂನ್ 5ಕ್ಕೆ 20,000 ರೂಪಾಯಿಯ ಫೋನು ತಗೊಂಡೆ ಅಂತಿಟ್ಟುಕೋ. ಜೂನ್ 20ಕ್ಕೆ ಬಿಲ್ಲು ಬಂತು, ಕಟ್ಟುವ ಕೊನೇ ದಿನ ಜುಲೈ 10. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ: Total Amount Due 20,000, Minimum Amount Due 1,000. ಜುಲೈ 10ರೊಳಗೆ ಇಪ್ಪತ್ತು ಸಾವಿರವನ್ನೂ ಕಟ್ಟಿದರೆ ಒಂದು ಪೈಸೆ ಬಡ್ಡಿಯಿಲ್ಲ. ಸಾವಿರವಷ್ಟೇ ಕಟ್ಟಿದರೆ ಉಳಿದ 19,000ಕ್ಕೆ ಬಡ್ಡಿ ಶುರುವಾಗುವುದು ಜುಲೈ 10ರಿಂದಲ್ಲ, ಫೋನು ಕೊಂಡ ಜೂನ್ 5ರಿಂದ. ಜುಲೈ 20ರ ಬಿಲ್ಲಿನ ಹೊತ್ತಿಗೆ 45 ದಿನದ ಬಡ್ಡಿ ಸುಮಾರು 984 ರೂಪಾಯಿ, ಅದರ ಜಿಎಸ್‌ಟಿ 177. ಈಗ ನಿನ್ನ ಬಾಕಿ ಸುಮಾರು 20,160! ಸಾವಿರ ಕಟ್ಟಿದ ಮೇಲೂ ಸಾಲ ಮೊದಲಿಗಿಂತ ಹೆಚ್ಚು.

ಇನ್ನೊಂದು ಪೆಟ್ಟು ಬಿಲ್ಲಿನಲ್ಲಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಹಳೇ ಬಾಕಿ ಇರುವ ತನಕ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೇ ಸಿಗುವುದಿಲ್ಲ. ಜುಲೈ 12ಕ್ಕೆ ಐನೂರು ರೂಪಾಯಿಯ ಪುಸ್ತಕ ತಗೊಂಡರೂ ಅವತ್ತಿನಿಂದಲೇ ಬಡ್ಡಿ. ಎಟಿಎಮ್ಮಿನಲ್ಲಿ ಆ ಕಾರ್ಡಿನಿಂದ ರೊಕ್ಕ ತೆಗೆದರಂತೂ, ಬಾಕಿ ಇರಲಿ ಬಿಡಲಿ, ತೆಗೆದ ದಿನದಿಂದ ಬಡ್ಡಿ, ಮೇಲೊಂದು ಶುಲ್ಕ.

ಹಾಗಾದರೆ ಮಿನಿಮಮ್ ಯಾತಕ್ಕೆ? ಅದನ್ನು ಕಟ್ಟಿದರೆ ತಡವಾದದ್ದರ ದಂಡ ಬೀಳುವುದಿಲ್ಲ, ಸಿಬಿಲ್‌ನಲ್ಲಿ ನೀನು ಕಂತು ತಪ್ಪಿಸಿದವಳು ಅಂತ ದಾಖಲಾಗುವುದಿಲ್ಲ. ಅಷ್ಟೇ ಅದರ ಕೆಲಸ. ಬಡ್ಡಿಯನ್ನು ಅದು ತಡೆಯುವುದಿಲ್ಲ. ಏನೂ ಕಟ್ಟದೇ ಬಿಟ್ಟರೆ ಕೊನೆಗೆ ಬ್ಯಾಂಕು ನಿನ್ನ ಎಫ್‌ಡಿಯಿಂದಲೇ ಮುರಿದುಕೊಳ್ಳುತ್ತದೆ.

ಬ್ಯಾಂಕಿನ ಆ್ಯಪ್‌ನಲ್ಲಿ ಆಟೋ ಡೆಬಿಟ್ ಇಡುವಾಗ Minimum ಬಿಟ್ಟು Total Amount Due ಆರಿಸು. ಖಾತೆಯಲ್ಲಿ ಇರುವಷ್ಟಕ್ಕೇ ಕಾರ್ಡು ಉಜ್ಜು. ಎಂದಾದರೂ ಪೂರಾ ಕಟ್ಟಲು ಆಗದಿದ್ದರೆ ಆದಷ್ಟು ಹೆಚ್ಚು ಕಟ್ಟು, ಬಾಕಿ ಚುಕ್ತಾ ಆಗುವ ತನಕ ಕಾರ್ಡು ಮುಟ್ಟಬೇಡ, ಮತ್ತು ಕೊನೇ ದಿನಕ್ಕೆ ಮೊದಲೇ ನನಗೆ ಫೋನ್ ಮಾಡು. ನಾನು ಬೈಯುವುದಿಲ್ಲ ತಂಗಿ. ಶೇ. 42ರ ಬಡ್ಡಿ ಕಟ್ಟುವುದಕ್ಕಿಂತ ಅಪ್ಪನನ್ನು ಕೇಳುವುದು ಎಷ್ಟೋ ಮೇಲು.

ನಿನ್ನ ಅಪ್ಪ