ಬಾಕಿಯ ವಯಸ್ಸೂ ಪಾವತಿಯ ಸರದಿಯೂ

ಹಿಂದೂಸ್ತಾನ್ ಏರೋನಾಟಿಕ್ಸ್ ಘಟಕವೂ 1968ರಲ್ಲಿ ಸ್ಥಾಪಿತವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನೂ ಇರುವ ಹೈದರಾಬಾದಿನ ಬಾಲಾನಗರದಲ್ಲಿ, ಉಕ್ಕಿನ ಬಿಡಿಭಾಗವೊಂದು ಒಂದೇ ಸೂರಿನಡಿ ಸಿದ್ಧವಾಗಿ ಹೊರಬೀಳುವುದು ವಿರಳ. ನಮ್ಮ ಲೇತಿನಲ್ಲಿ ಕಡೆದದ್ದು ಒಬ್ಬರ ಕುಲುಮೆಯಲ್ಲಿ ಹದಗೊಂಡು, ಮತ್ತೊಬ್ಬರ ತೊಟ್ಟಿಯಲ್ಲಿ ಸತುವಿನ ಲೇಪವನ್ನು ಪಡೆದು, ಆಮೇಲೆ ಗಿರಾಕಿಯ ಕೈ ಸೇರಬೇಕು. ಆದಕಾರಣ, ಇಲ್ಲಿಯ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರವನ್ನು ನೋಡಿಕೊಳ್ಳುವ ನನಗೆ, ಯಾರಿಗೆ ಮೊದಲು ಹಣ ಕೊಡಬೇಕೆಂಬ ಸೋಮವಾರದ ಪ್ರಶ್ನೆಯು ಮುಂದಿನ ವಾರ ಯಾರು ನಮ್ಮ ಮಾಲನ್ನು ಮೊದಲು ಕೈಗೆತ್ತಿಕೊಂಡಾರು ಎಂಬ ಪ್ರಶ್ನೆಯೂ ಆಗಿರುತ್ತದೆ.

ಟ್ಯಾಲಿಯು ಬಾಕಿಗಳನ್ನು ಮೂವತ್ತು, ಅರವತ್ತು, ತೊಂಬತ್ತು ದಿನಗಳ ಅಂಕಣಗಳಲ್ಲಿ ವಿಂಗಡಿಸಿ ತೋರಿಸಬಲ್ಲದು. ಆ ಪಟ್ಟಿಯನ್ನು ಬಲತುದಿಯಿಂದ, ಎಂದರೆ ಅತಿ ಹಳೆಯ ಬಾಕಿಯಿಂದ, ತೀರಿಸುತ್ತ ಬರುವುದು ನ್ಯಾಯವೆಂದು ಅನೇಕರು ಭಾವಿಸುತ್ತಾರೆ. ಆದರೆ ಪಟ್ಟಿಯು ಬಿಲ್ಲಿನ ವಯಸ್ಸನ್ನು ಹೇಳುತ್ತದೆಯೇ ಹೊರತು ಅದರ ಗಡುವನ್ನಲ್ಲ. ಅಲ್ಲದೆ, ಕೊಟ್ಟ ಹಣವನ್ನು ಬಿಲ್ಲಿಗೆ ಹೊಂದಿಸದೆ ‘ಆನ್ ಅಕೌಂಟ್’ ಎಂದು ಬರೆದಿಟ್ಟಿದ್ದರೆ, ತೀರಿದ ಬಿಲ್ಲೂ ಬಾಕಿಯಾಗಿಯೇ ವೃದ್ಧವಾಗುತ್ತ ಹೋಗುತ್ತದೆ. ಆದ್ದರಿಂದ ಪಟ್ಟಿಯನ್ನು ನಂಬುವ ಮುನ್ನ ಅಂಥ ಮೊತ್ತಗಳನ್ನು ಹೊಂದಿಸಿಕೊಳ್ಳುವುದು ನನ್ನ ಮೊದಲ ಕೆಲಸ.

ಒಂದು ವಾರದ ಪಟ್ಟಿಯನ್ನು ದುಂಡು ಮೊತ್ತಗಳಲ್ಲಿ ಓದುಗರ ಮುಂದಿಡುತ್ತೇನೆ. ಬ್ಯಾಂಕಿನಲ್ಲಿದ್ದುದು 3,50,000 ರೂಪಾಯಿ, ಕೊಡಬೇಕಾದುದು 5,85,000. ಎರಕದವರ 1,10,000ಕ್ಕೆ 95 ದಿನ, ಕಾರ್ಬೈಡ್ ಇನ್ಸರ್ಟಿನ ದೊಡ್ಡ ಕಂಪನಿಯ 1,50,000ಕ್ಕೆ 52 ದಿನ, ಹೀಟ್ ಟ್ರೀಟ್‌ಮೆಂಟಿನವರ 90,000ಕ್ಕೆ 41 ದಿನ, ಪ್ಲೇಟಿಂಗಿನವರ 35,000ಕ್ಕೆ 13 ದಿನ, ಉಕ್ಕಿನ ವ್ಯಾಪಾರಿಯ 2,00,000ಕ್ಕೆ ಕೇವಲ 6 ದಿನ.

ಎಳೆಯ ಬಾಕಿಗಳಲ್ಲೊಂದಾದ ಪ್ಲೇಟಿಂಗಿನ ಬಿಲ್ಲೇ ಈ ಪಟ್ಟಿಯಲ್ಲಿ ಅತ್ಯಂತ ತುರ್ತಿನದು. ಉದ್ಯಮ್ ನೋಂದಣಿಯುಳ್ಳ ಆ ಕಿರು ಘಟಕದೊಡನೆ ನಮಗೆ ಲಿಖಿತ ಕರಾರಿಲ್ಲ; ಕರಾರಿಲ್ಲದೆಡೆ, 2006ರ ಎಂಎಸ್ಎಂಇಡಿ ಕಾಯ್ದೆಯ ಪ್ರಕಾರ, ಮಾಲನ್ನು ಒಪ್ಪಿಕೊಂಡ 15 ದಿನಗಳೊಳಗೆ ಹಣ ಸಲ್ಲಬೇಕು. ಕರಾರಿದ್ದರೂ ಗಡುವು 45 ದಿನಗಳನ್ನು ಮೀರುವಂತಿಲ್ಲ. ಹೀಟ್ ಟ್ರೀಟ್‌ಮೆಂಟಿನವರು ಈ ವರ್ಗದವರು, ಅವರಿಗುಳಿದಿರುವುದು ನಾಲ್ಕೇ ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದಲ್ಲದೆ, 2023ರ ಹಣಕಾಸು ಕಾಯ್ದೆಯು 43ಬಿ(ಎಚ್) ಎಂದು ಸೇರಿಸಿದ ನಿಯಮದಂತೆ, ಕಿರು ಮತ್ತು ಸಣ್ಣ ಘಟಕಗಳ ಇಂಥ ಗಡುವು ಮೀರಿದ ಬಾಕಿಯು ಮಾರ್ಚ್ 31ಕ್ಕೂ ತೀರದೆ ಉಳಿದರೆ, ಆ ಖರ್ಚು ಆ ವರ್ಷದ ತೆರಿಗೆ ಲೆಕ್ಕದಿಂದ ಹೊರಬಿದ್ದು, ಹಣ ಕೊಟ್ಟ ವರ್ಷಕ್ಕೆ ಮುಂದೂಡಲ್ಪಡುತ್ತದೆ.

ಕಾನೂನಿಲ್ಲದಿದ್ದರೂ ನಾನು ಈ ಇಬ್ಬರನ್ನೇ ಮುಂದಿಡುತ್ತಿದ್ದೆ. ಪ್ಲೇಟಿಂಗಿನವರು ಬೀದರಿನ ಕಡೆಯವರು, ಅವರು ಒಮ್ಮೆ ನನಗಂದರು: “ಎರಡು ದಿನ ತಡ ಆದ್ರೂ ನಡೀತದ್ರೀ ಸಾಹೇಬ್ರ, ಆದ್ರ ತಾರೀಖು ಖರೇ ಹೇಳ್ರಿ, ಶನಿವಾರ ಹುಡುಗರಿಗೆ ಪಗಾರ ಕೊಡಬೇಕು.” ಅಂದಿನಿಂದ, ಈ ವಾರ ಹಣ ಸಲ್ಲದವರಿಗೆಲ್ಲ ಸೋಮವಾರವೇ ದೂರವಾಣಿ ಮಾಡಿ ದಿನಾಂಕವನ್ನು ತಿಳಿಸುವ ರೂಢಿಯನ್ನು ಇಟ್ಟುಕೊಂಡಿದ್ದೇನೆ.

ಇನ್ನು ಉಕ್ಕಿನ ಬಿಲ್ಲು. ಹತ್ತು ದಿನಗಳೊಳಗೆ ಕೊಟ್ಟರೆ ನೂರಕ್ಕೆ ಎರಡು ರಿಯಾಯಿತಿ, ಇಲ್ಲವಾದರೆ ಮೂವತ್ತು ದಿನಕ್ಕೆ ಪೂರ್ಣ ಹಣ. ಎರಡೆಂಬುದು ಅಲ್ಪವಾಗಿ ತೋರಬಹುದು. ಆದರೆ ಇಪ್ಪತ್ತೇ ದಿನ ಮುಂಚೆ 1,96,000 ಕೊಟ್ಟು 4,000 ಉಳಿಸುವುದು ವಾರ್ಷಿಕ ಲೆಕ್ಕದಲ್ಲಿ ಶೇಕಡಾ 37ಕ್ಕೆ ಸಮ. ಕೈಯಲ್ಲಿ ಹಣವಿಲ್ಲದೆ ಶೇಕಡಾ 11ರ ಕ್ಯಾಶ್ ಕ್ರೆಡಿಟ್ಟಿನಿಂದ ತೆಗೆದು ಕೊಟ್ಟರೂ ಆ ಇಪ್ಪತ್ತು ದಿನಗಳ ಬಡ್ಡಿ ಸುಮಾರು 1,180 ಮಾತ್ರ. ಆದರೆ ವ್ಯಾಪಾರಿಯು ಅರವತ್ತು ದಿನಗಳವರೆಗೆ ತಾಳುವವನಾದರೆ, ಅದೇ ರಿಯಾಯಿತಿಯ ವಾರ್ಷಿಕ ಬೆಲೆ ಶೇಕಡಾ 15ರಷ್ಟಕ್ಕಿಳಿದು, ಬ್ಯಾಂಕಿನ ಬಡ್ಡಿಗೆ ಸಮೀಪವಾಗುತ್ತದೆ. ಆಗ ಸಾಲ ತಂದು ರಿಯಾಯಿತಿ ಹಿಡಿಯುವ ಮುನ್ನ ಬಡ್ಡಿಯ ದರವನ್ನು ನೋಡಿಕೊಳ್ಳುವುದು ಅವಶ್ಯ.

ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್, ಉಕ್ಕು: ಮೂರಕ್ಕೂ ಸೇರಿ 3,21,000 ಹೊರಟುಹೋಗಿ, 29,000 ಉಳಿಯಿತು. ಕಾರ್ಬೈಡ್ ಕಂಪನಿಯ ವಾಯಿದೆ ಅರವತ್ತು ದಿನಗಳದು. ರಿಯಾಯಿತಿಯೇನೂ ಇಲ್ಲದುದರಿಂದ ಎಂಟು ದಿನ ಮುಂಚಿತವಾಗಿ ಕೊಡುವುದರಲ್ಲಿ ಲಾಭವಿಲ್ಲ. ಪಟ್ಟಿಯ ಬಲತುದಿಯ ಎರಕದ ಬಿಲ್ಲಿಗೆ ಬೇಕಾದುದು ಹಣವಲ್ಲ, ತೀರ್ಮಾನ: ಎರಕಗಳಲ್ಲಿ ಗಾಳಿರಂಧ್ರಗಳಿದ್ದುದನ್ನು ನಾವು ಮಾಲು ಬಂದ ಹದಿನೈದು ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸಿದ್ದರಿಂದ, ಸರಬರಾಜುದಾರರು ಆ ದೋಷವನ್ನು ಪರಿಹರಿಸಿದ ದಿನದಿಂದಲೇ ಗಡುವಿನ ಎಣಿಕೆ. ಬಾಯಿಮಾತಿನ ಆಕ್ಷೇಪಣೆಯಾಗಿದ್ದರೆ ಈ ರಕ್ಷಣೆ ದೊರೆಯುತ್ತಿರಲಿಲ್ಲ. ಆದರೂ ಜಿಎಸ್‌ಟಿಯ ಗಡಿಯಾರ ನಿಲ್ಲದು. ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಸಲ್ಲದಿದ್ದರೆ ಪಡೆದ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಉಳಿದಿರುವ 85 ದಿನಗಳಲ್ಲಿ ಎರಕದವರು ಬದಲಿ ಮಾಲು ಕೊಡುವರೋ ಕ್ರೆಡಿಟ್ ನೋಟ್ ಬರೆಯುವರೋ ಎಂಬುದನ್ನು ಇತ್ಯರ್ಥಗೊಳಿಸಲು ಬುಧವಾರ ನಮ್ಮ ಫೋರ್ಮನ್ನರು ಅವರಲ್ಲಿಗೆ ಹೋಗುವುದೆಂದು ನಿಶ್ಚಯಿಸಿದೆವು.