ಲೋಳೆಸರದ ರಸ ಮತ್ತು ಮಲಬದ್ಧತೆ: ಬಿಳಿ ಲೋಳೆ ಬೇರೆ, ಹಳದಿ ಹಾಲು ಬೇರೆ

ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಹೊರಬರುವವರಿಗೆ ಹಾಗಲಕಾಯಿ, ನೆಲ್ಲಿಕಾಯಿ ರಸದ ಜೊತೆಗೆ ಲೋಳೆಸರದ ರಸವೂ ಸಿಗುತ್ತದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಕುಂಡದಲ್ಲೊಂದು ಲೋಳೆಸರದ ಗಿಡ ಇದ್ದೇ ಇರುತ್ತದೆ. ಹೀಗಾಗಿ ಎರಡು ದಿನ ಹೊಟ್ಟೆ ಸರಿಯಾಗಿ ಹೋಗದಿದ್ದರೆ ಒಂದು ಎಲೆ ಕೊಯ್ದು ಮಿಕ್ಸಿಗೆ ಹಾಕಿ ಕುಡಿಯುವವರು ಅನೇಕರು. ಹೊರರೋಗಿ ವಿಭಾಗದಲ್ಲಿ ವೈದ್ಯರು "ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದಾಗ ಇದನ್ನು ಯಾರೂ ಹೇಳುವುದಿಲ್ಲ. ಗಿಡದ ರಸ ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ಭಾವನೆ. ಆದರೆ ಮಲಬದ್ಧತೆಯ ಮಟ್ಟಿಗೆ ಇದು ಔಷಧಿಯೇ, ಅದೂ ಸಾಕಷ್ಟು ಬಲವಾದ ಔಷಧಿ.

ಒಂದು ಎಲೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ಮೇಲೆ ಹಸಿರು ಸಿಪ್ಪೆ, ನಡುವೆ ನೀರಿನಂತೆ ತಿಳಿಯಾದ ಲೋಳೆ. ಸ್ವಲ್ಪ ಹೊತ್ತಿಗೆ ಸಿಪ್ಪೆಯ ಒಳಮೈಯಿಂದ ಹಳದಿ ಬಣ್ಣದ ಹಾಲು ಜಿನುಗುತ್ತದೆ. ನಾಲಿಗೆಗೆ ಮುಟ್ಟಿಸಿದರೆ ವಿಪರೀತ ಕಹಿ. ಇದನ್ನು ಗಟ್ಟಿ ಮಾಡಿ ಒಣಗಿಸಿದ್ದೇ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಕರಿಬೋಳ. ಹೊಟ್ಟೆ ಹೋಗುವಂತೆ ಮಾಡುವುದು ಈ ಹಳದಿ ಹಾಲೇ ಹೊರತು ನಡುವಿನ ಲೋಳೆಯಲ್ಲ. ಹಾಲನ್ನು ಚೆನ್ನಾಗಿ ತೆಗೆದು ತೊಳೆದ ಲೋಳೆ ಕುಡಿದರೆ ಅಪಾಯ ಬಹಳ ಕಡಿಮೆ, ಆದರೆ ಅದರಿಂದ ಮಲಬದ್ಧತೆಗೆ ಹೇಳಿಕೊಳ್ಳುವಂಥ ಗುಣವೂ ಕಾಣುವುದಿಲ್ಲ. ಕುಡಿದ ರಸದಿಂದ ಜೋರಾಗಿ ಬೇಧಿಯಾಯಿತು ಎಂದರೆ ಅದರಲ್ಲಿ ಹಾಲು ಸೇರಿತ್ತು ಎಂದೇ ತಿಳಿಯಬೇಕು.

ಈ ಹಾಲಿನಲ್ಲಿರುವ ಮುಖ್ಯ ವಸ್ತುವಿನ ಹೆಸರು ಅಲೋಯಿನ್. ಇದು ಜಠರ ಮತ್ತು ಸಣ್ಣ ಕರುಳನ್ನು ಬಹುಮಟ್ಟಿಗೆ ಹಾಗೆಯೇ ದಾಟಿ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಮಾತ್ರ ಅದಕ್ಕೆ ಶಕ್ತಿ ಬರುತ್ತದೆ. ಆಗ ಅದು ಕರುಳಿನ ಗೋಡೆಯನ್ನು ಕೆರಳಿಸಿ ಜೋರಾಗಿ ಹಿಂಡುವಂತೆ ಮಾಡುತ್ತದೆ. ಜೊತೆಗೆ ಮಲದಿಂದ ನೀರನ್ನು ಹೀರಿಕೊಳ್ಳುವ ಕೆಲಸವನ್ನು ತಡೆದು, ನೀರು ಮತ್ತು ಲವಣ ಕರುಳಿನೊಳಗೇ ಉಳಿಯುವಂತೆ ಮಾಡುತ್ತದೆ. ಇದಕ್ಕೆಲ್ಲ 6ರಿಂದ 12 ಗಂಟೆ ಹಿಡಿಯುತ್ತದೆ. ಬೆಳಗ್ಗೆ ಆರಕ್ಕೆ ಕುಡಿದವರಿಗೆ ಮಧ್ಯಾಹ್ನ ಅಥವಾ ಸಂಜೆ ಪರಿಣಾಮ. ಇದು ತಿಳಿಯದೆ, ಒಂಬತ್ತು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿಯುವವರಿದ್ದಾರೆ.

ಪ್ರಮಾಣದ ಮಾತಿಗೆ ಬಂದರೆ, ಯುರೋಪಿನ ಔಷಧ ಸಂಸ್ಥೆ ಈ ಬಗೆಯ ವಸ್ತುಗಳಿಗೆ ಹೇಳಿರುವ ಮಿತಿ ವಯಸ್ಕರಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ. ಹೆಚ್ಚು ಕಡಿಮೆ ಒಂದು ಅಕ್ಕಿಕಾಳಿನ ತೂಕ. ಅದೂ ಒಂದು ವಾರಕ್ಕಿಂತ ಹೆಚ್ಚು ಕಾಲ ಅಲ್ಲ. ಮನೆಯಲ್ಲಿ ಸಿಪ್ಪೆಸಮೇತ ಅರೆದ ಎಲೆಯಲ್ಲಿ ಎಷ್ಟು ಹಾಲಿದೆ ಎಂದು ಅಳೆಯುವವರು ಯಾರು? ಎಲೆ ಎಷ್ಟು ಬಲಿತಿದೆ, ಹೇಗೆ ಕೊಯ್ದಿರಿ ಎಂಬುದರ ಮೇಲೆ ಅದು ದಿನದಿನಕ್ಕೂ ಬದಲಾಗುತ್ತದೆ.

ಇದರಿಂದ ಏನಾಗಬಹುದೆಂದು ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮನೆಯ ಹಿರಿಯರೊಬ್ಬರಿಗೆ 70 ವರ್ಷ. ಹೃದಯದ ದೌರ್ಬಲ್ಯಕ್ಕಾಗಿ ಮೂತ್ರ ಹೆಚ್ಚು ಹೋಗುವ ಫ್ಯೂರೋಸಮೈಡ್ ಮಾತ್ರೆ ಮತ್ತು ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಲ ಗಟ್ಟಿಯಾಗಿದೆಯೆಂದು ಸೋಮವಾರ ಇಡೀ ಎಲೆಯ ರಸ ಕುಡಿಯುತ್ತಾರೆ. ಸಂಜೆ ಹೊಟ್ಟೆ ನುಲಿದು ನಾಲ್ಕೈದು ಸಲ ಬೇಧಿ. ಮಂಗಳವಾರ, ಬುಧವಾರ ಹೊಟ್ಟೆ ಹೋಗುವುದಿಲ್ಲ. ಹೋಗುವುದಾದರೂ ಎಲ್ಲಿಂದ? ಕರುಳು ಪೂರ್ತಿ ಖಾಲಿಯಾಗಿದೆ, ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಅವರು ಮಾತ್ರ ಮಲಬದ್ಧತೆ ಮತ್ತೆ ಬಂತೆಂದು ಗುರುವಾರ ಪುನಃ ರಸ ಕುಡಿಯುತ್ತಾರೆ. ಹೀಗೆ ಮೂರು ವಾರ ನಡೆಯುತ್ತದೆ.

ಬೇಧಿಯ ನೀರಿನ ಜೊತೆ ದೇಹದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಫ್ಯೂರೋಸಮೈಡ್ ಮಾತ್ರೆ ಅದನ್ನೇ ಮೂತ್ರದಲ್ಲಿ ಕಳೆಯುತ್ತದೆ. ಎರಡು ಕಡೆಯಿಂದ ಸೋರಿಕೆ. ರಕ್ತದಲ್ಲಿ ಸುಮಾರು 3.5ರಿಂದ 5 ಇರಬೇಕಾದ ಪೊಟ್ಯಾಸಿಯಂ 3ಕ್ಕಿಂತ ಕೆಳಗೆ ಇಳಿದರೆ ಮೀನಖಂಡ ಹಿಡಿದುಕೊಳ್ಳುವುದು, ಮೆಟ್ಟಿಲು ಹತ್ತಲು ಕಾಲಲ್ಲಿ ಬಲವಿಲ್ಲದಿರುವುದು, ಎದೆಬಡಿತ ತಪ್ಪಿದಂತಾಗುವುದು ಇವೆಲ್ಲ ಶುರುವಾಗಬಹುದು. ಪೊಟ್ಯಾಸಿಯಂ ಕಡಿಮೆಯಾದಾಗ ಡಿಗಾಕ್ಸಿನ್ ಅದೇ ಪ್ರಮಾಣದಲ್ಲಿದ್ದರೂ ವಿಷದಂತೆ ವರ್ತಿಸಬಲ್ಲದು. ಊಟ ಸೇರದು, ವಾಕರಿಕೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು ಅದರ ಲಕ್ಷಣಗಳು. ಮನೆಯವರು "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುವುದು ಇಲ್ಲಿಯೇ. ಇನ್ನೊಂದು ವಿಚಿತ್ರವೆಂದರೆ, ಪೊಟ್ಯಾಸಿಯಂ ಕಡಿಮೆಯಾದರೆ ಕರುಳಿನ ಚಲನೆಯೂ ಮಂದವಾಗುತ್ತದೆ. ಅಂದರೆ ಯಾವ ತೊಂದರೆಗೆ ರಸ ಕುಡಿದರೋ ಅದೇ ಹೆಚ್ಚುತ್ತದೆ.

ಇಂಥ ಸ್ಥಿತಿಯಲ್ಲಿ ರಸವನ್ನು ಕೂಡಲೇ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಹೃದಯದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಹೆಚ್ಚು ಕಡಿಮೆ ಮಾಡಬೇಡಿ. ಪೊಟ್ಯಾಸಿಯಂ, ಕ್ರಿಯಾಟಿನಿನ್ ರಕ್ತಪರೀಕ್ಷೆ ಮತ್ತು ಇಸಿಜಿ ಮಾಡಿದರೆ ಬಹುಮಟ್ಟಿಗೆ ವಿಷಯ ತಿಳಿಯುತ್ತದೆ. ರಸದ ವಿಚಾರವನ್ನು ಮುಚ್ಚಿಡದೆ ಹೇಳಿ, ಯಾರೂ ಗದರಿಸುವುದಿಲ್ಲ.

ಗರ್ಭಿಣಿಯರು, ಎದೆಹಾಲು ಉಣಿಸುವ ತಾಯಂದಿರು, 12 ವರ್ಷದೊಳಗಿನ ಮಕ್ಕಳು, ಮೂತ್ರಪಿಂಡದ ತೊಂದರೆ ಅಥವಾ ಕರುಳಿನ ಹುಣ್ಣು ಇರುವವರು ಹಾಲು ಸೇರಿದ ರಸವನ್ನು ಕುಡಿಯಲೇಬಾರದು. ಹೊಟ್ಟೆನೋವು ಏಕೆಂದು ತಿಳಿಯದಿರುವಾಗಲೂ ಬೇಡ. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಕರುಳು ಅಡ್ಡಗಟ್ಟಿರಬಹುದು. ಆಗ ಬೇಧಿ ಮಾಡಿಸುವುದು ಪ್ರಾಣಕ್ಕೆ ಅಪಾಯ. ಮೂತ್ರ ಕೆಂಪಗಾದರೆ ಅದು ರಸದ ಬಣ್ಣವೇ ಇರಬಹುದು, ಆದರೆ ಮಲದಲ್ಲಿ ರಕ್ತ ಕಂಡರೆ ಹಾಗೆಂದು ಬಿಡಬಾರದು.

ವರ್ಷಗಟ್ಟಲೆ ಕುಡಿಯುವವರಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಇಡೀ ಎಲೆಯ ಸಾರವನ್ನು ಎರಡು ವರ್ಷ ನೀರಿನಲ್ಲಿ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗೆಡ್ಡೆಗಳು ಕಂಡವು. ಮನುಷ್ಯರಲ್ಲಿ ಹಾಗಾಗುತ್ತದೆಂದು ಸಿದ್ಧವಾಗಿಲ್ಲ, ಹೆದರಬೇಕಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಡೀ ಎಲೆಯ ಸಾರವನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ" ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಮೆರಿಕ ಸರ್ಕಾರವಂತೂ 2002ರಲ್ಲೇ, ಸುರಕ್ಷತೆಗೆ ಸಾಕಷ್ಟು ಆಧಾರ ಸಿಗದ ಕಾರಣ, ಚೀಟಿಯಿಲ್ಲದೆ ಮಾರುವ ಬೇಧಿ ಔಷಧಿಗಳಲ್ಲಿ ಇದನ್ನು ಬಳಸಬಾರದೆಂದಿತು.

ಲೋಳೆಯನ್ನು ಬೇರೆ ಕಾರಣಕ್ಕೆ ತಿನ್ನುವ ಅಭ್ಯಾಸವಿದ್ದರೆ, ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ಭಾಗ ಕೆಳಗಿರುವಂತೆ ಪಾತ್ರೆಯಲ್ಲಿ ಕಾಲು ಗಂಟೆ ನಿಲ್ಲಿಸಿ ಹಾಲು ಇಳಿಯಲು ಬಿಡಿ. ಅಂಚಿನ ಮುಳ್ಳು ತೆಗೆದು, ಸಿಪ್ಪೆಯನ್ನು ಸ್ವಲ್ಪ ದಪ್ಪವಾಗಿಯೇ ಹೆರೆದು, ಲೋಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಹಳದಿ ಕಂಡರೆ, ಕಹಿಯಿದ್ದರೆ ಚೆಲ್ಲಿಬಿಡಿ. ಬಾಟಲಿಯ ರಸವಾದರೆ ಅದು ಒಳಗಿನ ಲೋಳೆಯದೋ ಇಡೀ ಎಲೆಯದೋ, ಅಲೋಯಿನ್ ತೆಗೆದಿದ್ದಾರೋ ಎಂದು ಚೀಟಿ ಓದಿ. ಹೊಟ್ಟೆ ಶುದ್ಧಿಯ ಚೂರ್ಣಗಳಲ್ಲಿ ಸೋನಾಮುಖಿ ಇರುವುದುಂಟು. ಅದರ ಕೆಲಸವೂ ಇದೇ ರೀತಿಯದು, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ.

ಮಲಬದ್ಧತೆಗೆ ಕಬ್ಬಿಣಾಂಶದ ಮಾತ್ರೆ, ಕೆಲವು ಬಿ.ಪಿ. ಮಾತ್ರೆ, ಥೈರಾಯಿಡ್ ತೊಂದರೆ ಕೂಡ ಕಾರಣವಿರಬಹುದು. ನುಂಗಲು ತೊಂದರೆ ಇಲ್ಲದವರು ಇಸಬ್ಗೋಲನ್ನು ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬಹುದು. ಗುಣ ಕಾಣಲು ಎರಡು ಮೂರು ದಿನ ಬೇಕು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ತೂಕ ಇಳಿಯುವುದು, ಮಲದಲ್ಲಿ ರಕ್ತ ಇವಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ತೋರಿಸಿ. ಬರುವಾಗ ಮಾತ್ರೆಯ ಚೀಟಿಯ ಜೊತೆ ರಸದ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ.